ಈ ಫೋಟೋ ನಿಜವಾಗಿ ರಾಯಚೂರಿನದಾ? ಹಿಂದಿನ ಗುಡ್ಡ ನೋಡಿ ಹೇಳಿ

ರಾಯಚೂರು_ಬಿಸಿಲು
ನಮ್ಮ ವಾರ್ಡಿನ ವಾಟ್ಸಾಪ್ ಗ್ರೂಪಿನಲ್ಲಿ ಬೆಳಗ್ಗೆಯಿಂದ ಈ ಫೋಟೋ ಓಡಾಡುತ್ತಿದೆ. ಮೇಲೆ ಕೆಂಪು ಪಟ್ಟಿಯಲ್ಲಿ "ರಾಯಚೂರು, ಇಂದು ಬೆಳಗಿನ ದೃಶ್ಯ, ಯಾರೂ ಹೊರಗೆ ಬರಬೇಡಿ" ಅಂತ ಬರೆದಿದ್ದಾರೆ. ರಸ್ತೆ ತುಂಬ ಮೊಣಕಾಲುದ್ದ ನೀರು. ನಡುವೆ ಕಪ್ಪು ಬಿಳಿ ಬಣ್ಣದ ಡಿವೈಡರ್. ಎರಡೂ ಕಡೆ ಅಂಗಡಿ, ಆದರೆ ಬೋರ್ಡುಗಳ ಮೇಲೆ ಆ ಕೆಂಪು ಪಟ್ಟಿ ಕೂತಿದೆ. ಹಿಂದೆ ದೊಡ್ಡ ಕಲ್ಲುಗುಡ್ಡ, ತುದಿಯಲ್ಲಿ ಕೋಟೆ ಗೋಡೆ ತರಹ ಗೆರೆ.

ರಾತ್ರಿ ಇಲ್ಲಿ ಮಳೆ ಬಂದಿದ್ದು ನಿಜ. ಆದರೆ ನಮ್ಮ ಏರಿಯಾದಲ್ಲಿ ಚರಂಡಿ ತುಂಬುವಷ್ಟೂ ಬಂದಿಲ್ಲ. ಬೆಂಗಳೂರಿನಲ್ಲಿರುವವರೆಲ್ಲ ಫೋನ್ ಮಾಡಿ ಮಾಡಿ ಕೇಳುತ್ತಿದ್ದಾರೆ. ಗ್ರೂಪಿನ ಅಡ್ಮಿನ್ ನಾನೇ. ಸುಳ್ಳು ಅಂತ ಅಳಿಸಬೇಕಾದರೆ ಏನಾದರೂ ಆಧಾರ ಬೇಕಲ್ವಾ? ಕೋಟೆ ಗುಡ್ಡ ನೋಡಿದರೆ ನಮ್ಮೂರೇ ಅನಿಸುತ್ತದೆ. ರಸ್ತೆ ಮಾತ್ರ ಯಾವುದು ಅಂತ ಹೊಳೆಯುತ್ತಿಲ್ಲ.

ಮಸ್ಕಿ_ಮಲ್ಲು
ಅಣ್ಣ, ಇದು ರಾಯಚೂರು ಸಿಟಿ ಅಲ್ಲ, ರಾಯಚೂರು ಜಿಲ್ಲೆ. ನಮ್ಮ ಮಸ್ಕಿ. ಊರಿನ ಬೆನ್ನಿಗೇ ಗುಡ್ಡ ಇದೆ. ಮೇಲೆ ಕಾಣುವುದು ಮಲ್ಲಿಕಾರ್ಜುನ ದೇವಸ್ಥಾನದ ಗೋಡೆ.

ಕೌಲ್‌ಬಜಾರ್_ಕಣ್ಣು
ಮಸ್ಕಿಯೂ ಅಲ್ಲ, ರಾಯಚೂರೂ ಅಲ್ಲ. ಇದು ನಮ್ಮ ಬಳ್ಳಾರಿ ಗುಡ್ಡ, ಕಣ್ಣು ಮುಚ್ಚಿ ಹೇಳುತ್ತೇನೆ. ಈ ಗುಡ್ಡಕ್ಕೆ ಎರಡು ಮುಖ ಇದೆ. ಪಶ್ಚಿಮಕ್ಕೆ ನುಣುಪಾದ ಒಂದೇ ಕಲ್ಲು, ಕಡಿದಾಗಿ ಇಳಿಯುತ್ತದೆ. ಪೂರ್ವಕ್ಕೂ ದಕ್ಷಿಣಕ್ಕೂ ಬಂಡೆಗಳು ರಾಶಿ ಬಿದ್ದಿವೆ. ಫೋಟೋದಲ್ಲಿ ನೋಡಿ, ಬಲಗಡೆ ನುಣುಪು ಕಲ್ಲು, ಎಡಗಡೆ ಬಂಡೆ ರಾಶಿ. ಅಂದರೆ ಬಲಕ್ಕೆ ಪಶ್ಚಿಮ. ಹಾಗಾದರೆ ಕ್ಯಾಮೆರಾ ಇರುವುದು ಗುಡ್ಡದ ಉತ್ತರಕ್ಕೆ, ದಕ್ಷಿಣದ ಕಡೆ ಮುಖ ಮಾಡಿ. ಸಿರುಗುಪ್ಪ ರಸ್ತೆ ಕಡೆ ಎಲ್ಲೋ ತೆಗೆದಿದ್ದು. ಮುಗಿಯಿತು.

ಗೆರೆ_ಎಳೆಯುವವ
ಇಷ್ಟು ಬೇಗ ಮುಗಿಸಬೇಡಿ. ಕೌಲ್‌ಬಜಾರಿನವರು ಹೇಳಿದ ಗುಡ್ಡದ ವಿವರ ಸರಿಯಾಗಿದೆ, ನಾನೂ ಹಾಗೇ ಓದುತ್ತೇನೆ. ಆದರೆ ಎಡ ಬಲದ ಮೇಲೆ ಇಷ್ಟು ಭಾರ ಹಾಕುವ ಮೊದಲು ಫೋಟೋ ತಿರುಗಿದೆಯಾ ಅಂತ ನೋಡಬೇಕು. ಕನ್ನಡಿಯಲ್ಲಿ ಕಂಡಂತೆ ಎಡ ಬಲ ಅದಲು ಬದಲು ಮಾಡಿ ಹಂಚುವುದು ತುಂಬ ಸಾಮಾನ್ಯ. ಹಾಗೆ ಮಾಡಿದರೆ ಹಳೆ ಫೋಟೋ ಹುಡುಕಾಟದಲ್ಲಿ ಸುಲಭಕ್ಕೆ ಸಿಗುವುದಿಲ್ಲ. ಬೋರ್ಡಿನ ಅಕ್ಷರ ಕಂಡಿದ್ದರೆ ಒಂದೇ ನೋಟಕ್ಕೆ ಗೊತ್ತಾಗುತ್ತಿತ್ತು. ಇಲ್ಲಿ ಎಲ್ಲ ಅಕ್ಷರದ ಮೇಲೂ ಪಟ್ಟಿ ಬಿದ್ದಿದೆ. ಅದೇ ನನಗೆ ಅನುಮಾನ.

ಇನ್ನೊಂದು ಮಾತು. ಊರ ನಡುವೆ ಕಲ್ಲುಗುಡ್ಡ, ಅದರ ಮೇಲೆ ಕೋಟೆ. ಇಷ್ಟು ಮಾತ್ರ ನೋಡಿದರೆ ಬಳ್ಳಾರಿ, ರಾಯಚೂರು, ಕೊಪ್ಪಳ, ಗಡಿಯಾಚೆ ಆದೋನಿ, ಎಲ್ಲವೂ ಸಾಲಾಗಿ ಬಂದು ನಿಲ್ಲುತ್ತವೆ. ಗುಡ್ಡ ನೋಡಿದ ತಕ್ಷಣ ಊರಿನ ಹೆಸರು ಬಾಯಿಗೆ ಬಂದರೆ, ಆಮೇಲೆ ಕಣ್ಣು ಆ ಊರನ್ನೇ ಕಾಣುತ್ತಾ ಹೋಗುತ್ತದೆ.

ಸಿಂಧನೂರು_ಪಿಕ್ಸೆಲ್
ಸರ್, ತಿರುಗಿದೆ ಅನಿಸುತ್ತದೆ. ಎಲ್ಲ ಗಾಡಿಗಳೂ ಡಿವೈಡರಿನ ಬಲಗಡೆಯಿಂದ ಮುಂದಕ್ಕೆ ಹೋಗುತ್ತಿವೆ. ನಮ್ಮ ದೇಶದಲ್ಲಿ ಎಡಗಡೆ ಹೋಗಬೇಕಲ್ವಾ?

ಕೌಲ್‌ಬಜಾರ್_ಕಣ್ಣು
ತಮ್ಮಾ, ನೀರು ನಿಂತಾಗ ಯಾರು ಎಡ ಬಲ ನೋಡುತ್ತಾರೆ? ಎತ್ತರ ಇರುವ ಕಡೆ ಎಲ್ಲರೂ ನುಗ್ಗುತ್ತಾರೆ. ಮಳೆ ಇಲ್ಲದಿದ್ದರೂ ನುಗ್ಗುತ್ತಾರೆ.

ಗೆರೆ_ಎಳೆಯುವವ
ಅವರು ಹೇಳಿದ್ದು ಸರಿ. ಇಂಥ ಜಾಗದಲ್ಲಿ ಓಡುವ ಗಾಡಿ ಒಳ್ಳೆ ಸಾಕ್ಷಿ ಅಲ್ಲ. ನಿಂತ ಗಾಡಿ ನೋಡಿ. ಅಂಗಡಿ ಮೆಟ್ಟಿಲ ಹತ್ತಿರ ಒಂದು ಬೈಕ್ ನಿಂತಿದೆ, ಹಿಂಭಾಗ ನಮ್ಮ ಕಡೆ ಇದೆ. ಬೈಕಿನ ಸೈಡ್ ಸ್ಟ್ಯಾಂಡ್ ಇರುವುದು ಎಡಕ್ಕೆ. ಹಿಂದಿನಿಂದ ನೋಡಿದರೆ ಅದು ನಮ್ಮ ಎಡಕ್ಕೇ ವಾಲಿರಬೇಕು. ಈ ಫೋಟೋದಲ್ಲಿ ಬಲಕ್ಕೆ ವಾಲಿದೆ. ಸೈಲೆನ್ಸರ್ ಎಡಗಡೆ ಕಾಣುತ್ತಿದೆ. ನಮ್ಮಲ್ಲಿ ಓಡುವ ಹೆಚ್ಚಿನ ಬೈಕುಗಳಲ್ಲಿ ಅದು ಬಲಕ್ಕಿರುತ್ತದೆ. ಹಿಂದೆ ನಿಂತ ಬಸ್ಸನ್ನೂ ನೋಡಿ. ಮುಖ ನಮ್ಮ ಕಡೆ ಇದೆ, ಹತ್ತುವ ಬಾಗಿಲು ನಮ್ಮ ಎಡಕ್ಕಿದೆ. ಎದುರು ಬರುವ ಬಸ್ಸಿನ ಬಾಗಿಲು ನಮ್ಮ ಬಲಕ್ಕಿರಬೇಕು.

ಒಂದು ಸಾಕ್ಷಿ ಇದ್ದರೆ ಅನುಮಾನ ಪಡಬಹುದು. ಮೂರೂ ಒಂದೇ ಮಾತು ಹೇಳಿದರೆ ಫೋಟೋ ತಿರುಗಿದೆ ಅಂತಲೇ ಲೆಕ್ಕ. ಈಗ ಸರಿ ಮಾಡಿ ನೋಡಿ. ನುಣುಪು ಕಲ್ಲು ಎಡಕ್ಕೆ ಬಂತು, ಬಂಡೆ ರಾಶಿ ಬಲಕ್ಕೆ ಹೋಯಿತು. ಇದು ಬಳ್ಳಾರಿ ಗುಡ್ಡವೇ ಆದರೆ ಎಡಕ್ಕೆ ಪಶ್ಚಿಮ, ಬಲಕ್ಕೆ ಪೂರ್ವ. ಅಂದರೆ ಕ್ಯಾಮೆರಾ ಗುಡ್ಡದ ದಕ್ಷಿಣಕ್ಕಿದೆ, ಉತ್ತರದ ಕಡೆ ನೋಡುತ್ತಿದೆ. ಸಿರುಗುಪ್ಪ ರಸ್ತೆ ಕಡೆ ಹೋಗಿ ಹುಡುಕಿದ್ದರೆ ಇಡೀ ದಿನ ಸುಮ್ನೆ ಹೋಗುತ್ತಿತ್ತು.

ಮಸ್ಕಿ_ಮಲ್ಲು
ಎಡಕ್ಕೆ ತಿರುಗಿಸಿದರೂ ಬಲಕ್ಕೆ ತಿರುಗಿಸಿದರೂ ನನಗೆ ನಮ್ಮ ಗುಡ್ಡದ ತರಹವೇ ಕಾಣುತ್ತದೆ.

ಗಂಗಾವತಿ_ಅಕ್ಕ
ಎಲ್ಲರಿಗೂ ನಮಸ್ಕಾರ. ನನ್ನದೂ ಇಂಥದ್ದೇ ಒಂದು ಪ್ರಶ್ನೆ ಇದೆ, ಇಲ್ಲೇ ಕೇಳುತ್ತೇನೆ. ಗಂಗಾವತಿ ಹತ್ತಿರ ಒಂದು ಸೈಟ್ ತೋರಿಸಿದ್ದಾರೆ. ಬ್ರೋಕರ್ ಕಳಿಸಿದ ಫೋಟೋದಲ್ಲಿ ಸೈಟಿನ ಬೆನ್ನಿಗೇ ಅಂಜನಾದ್ರಿ ಬೆಟ್ಟ, ಬಿಳಿ ಮೆಟ್ಟಿಲು ಎಲ್ಲ ಸ್ಪಷ್ಟ. "ನಡೆದುಕೊಂಡೇ ಹೋಗಿ ಬರಬಹುದು" ಅಂತಾರೆ. ಬೆಟ್ಟ ಮಾತ್ರ ನಿಜವಾಗಿ ಅಂಜನಾದ್ರಿಯೇ. ಹಾಗಾದರೆ ಫೋಟೋ ಸರಿ ಅಂತ ನಂಬಬಹುದಾ?

ಸಿಂಧನೂರು_ಪಿಕ್ಸೆಲ್
ಅಕ್ಕಾ, ಫೋಟೋದ ಒಳಗೇ ಜಿಪಿಎಸ್ ಇರುತ್ತದೆ, ಅದನ್ನು ತೆಗೆದು ನೋಡಿ.

ಗೆರೆ_ಎಳೆಯುವವ
ವಾಟ್ಸಾಪಿನಲ್ಲಿ ಫೋಟೋ ಅಂತಲೇ ಕಳಿಸಿದರೆ ಆ ಮಾಹಿತಿ ಉದುರಿ ಹೋಗಿರುತ್ತದೆ. ಡಾಕ್ಯುಮೆಂಟ್ ಅಂತ ಕಳಿಸಿದ್ದರೆ ಉಳಿದಿರಬಹುದು.

ಅಕ್ಕಾ, ನಿಮ್ಮ ಪ್ರಶ್ನೆ ಬೇರೆ. ಅಲ್ಲಿ ಬೆಟ್ಟ ಯಾವುದು ಅನ್ನುವುದಲ್ಲ, ಎಷ್ಟು ದೂರ ಅನ್ನುವುದು. ದೂರ ನಿಂತು ಜೂಮ್ ಮಾಡಿ ತೆಗೆದರೆ ಬೆಟ್ಟ ಸೈಟಿನ ಬೆನ್ನಿಗೇ ಬಂದು ಕೂರುತ್ತದೆ. ಫೋಟೋದಲ್ಲಿ ಸಾಲಾಗಿ ಕರೆಂಟ್ ಕಂಬ ಇದೆಯಾ ನೋಡಿ. ಕಂಬಗಳು ಒಂದರ ಮೇಲೊಂದು ಅಂಟಿದ ಹಾಗೆ ಕಂಡರೆ, ಹತ್ತಿರದ ಕಂಬಕ್ಕೂ ದೂರದ ಕಂಬಕ್ಕೂ ಎತ್ತರದಲ್ಲಿ ಅಷ್ಟು ವ್ಯತ್ಯಾಸ ಇಲ್ಲದಿದ್ದರೆ, ಜೂಮ್ ಹಾಕಿದ್ದಾರೆ.

ಸೈಟಿಗೆ ಹೋದಾಗ ಕೈ ಪೂರ್ತಿ ಚಾಚಿ ಹೆಬ್ಬೆರಳು ಅಡ್ಡವಾಗಿ ಹಿಡಿಯಿರಿ. ಹೆಬ್ಬೆರಳಿನ ಅಗಲ ಸುಮಾರು ಎರಡು ಡಿಗ್ರಿ ಮುಚ್ಚುತ್ತದೆ. ಲೆಕ್ಕಕ್ಕೆ ಬಳ್ಳಾರಿ ಗುಡ್ಡ ತೆಗೆದುಕೊಳ್ಳೋಣ. ಅದರ ಎತ್ತರ ಸುಮಾರು 480 ಅಡಿ. ಒಂದು ಕಿಲೋಮೀಟರ್ ದೂರದಿಂದ ಅದು ನಾಲ್ಕು ಹೆಬ್ಬೆರಳು ಎತ್ತರ ಕಾಣಬೇಕು. ನಾಲ್ಕು ಕಿಲೋಮೀಟರ್ ದೂರದಿಂದ ಒಂದೇ ಒಂದು. ನಿಮ್ಮ ಸೈಟಿನಿಂದ ಬೆಟ್ಟ ಒಂದು ಹೆಬ್ಬೆರಳ ಹಿಂದೆ ಮರೆಯಾದರೆ, ನಡೆದು ಹೋಗುವ ಮಾತು ಬ್ರೋಕರಿಗೇ ಬಿಡಿ.

ಗಂಗಾವತಿ_ಅಕ್ಕ
ಕಂಬಗಳು ಒತ್ತೊತ್ತಾಗಿವೆ. ಭಾನುವಾರ ಹೋಗಿ ನೋಡುತ್ತೇವೆ.

ಸಿಂಧನೂರು_ಪಿಕ್ಸೆಲ್
ಸರ್, ಸಿಕ್ಕಿತು! ಫೋಟೋ ತಿರುಗಿಸಿ ಸರಿ ಮಾಡಿಕೊಂಡೆ. ಮೇಲಿನ ಕೆಂಪು ಪಟ್ಟಿ ಕತ್ತರಿಸಿದೆ. ಗುಡ್ಡ, ಡಿವೈಡರ್ ಇರುವ ಭಾಗ ಮಾತ್ರ ಇಟ್ಟು ಗೂಗಲ್ ಲೆನ್ಸಿನಲ್ಲೂ ಯಾಂಡೆಕ್ಸಿನಲ್ಲೂ ಹುಡುಕಿದೆ. ಒಂದು ಪೇಜಿನಲ್ಲಿ ಇದೇ ಫೋಟೋ ದೊಡ್ಡದಾಗಿ ಇದೆ, ಪಟ್ಟಿ ಇಲ್ಲ, ತಿರುಗಿಸಿಯೂ ಇಲ್ಲ. ಕೆಳಗೆ "ಮಳೆ ಮಳೆ" ಅಂತ ಮಾತ್ರ ಇದೆ. ಊರೂ ಇಲ್ಲ, ಅವರೂ ಬೇರೆ ಎಲ್ಲಿಂದಲೋ ಎತ್ತಿದ ಹಾಗಿದೆ. ಆದರೆ ಬೋರ್ಡುಗಳು ಕಾಣುತ್ತಿವೆ, ಇಲ್ಲೇ ಹಾಕಿದ್ದೇನೆ.

ರಾಯಚೂರು_ಬಿಸಿಲು
ನೋಡಿದೆ. ಬಲಗಡೆ ಬೀಜ ಗೊಬ್ಬರದ ಅಂಗಡಿ ಬೋರ್ಡಿನಲ್ಲಿ ಫೋನ್ ನಂಬರ್ 08532 ಅಂತ ಶುರುವಾಗುತ್ತದೆ. ಅದು ರಾಯಚೂರಿನ ಕೋಡ್! ಹಾಗಾದರೆ ನಮ್ಮೂರೇ ಆಯಿತಲ್ಲ.

ಕೌಲ್‌ಬಜಾರ್_ಕಣ್ಣು
ನನಗೆ 08392 ಕಾಣುತ್ತಿದೆ. ನಮ್ಮ ಬಳ್ಳಾರಿ ಕೋಡ್. ಈಗ ಏನಂತೀರಿ?

ಗೆರೆ_ಎಳೆಯುವವ
ಇಬ್ಬರೂ ನಿಮ್ಮ ನಿಮ್ಮ ಊರಿನ ನಂಬರ್ ಓದಿದ್ದೀರಿ. ನಡುವಿನ ಎರಡು ಅಂಕಿ ಮಸುಕಾಗಿವೆ, ಮೂರು, ಐದು, ಒಂಬತ್ತು ಯಾವುದು ಬೇಕಾದರೂ ಆಗಬಹುದು. ಆ ಎರಡು ಅಂಕಿಯನ್ನು ಸದ್ಯಕ್ಕೆ ಬಿಡಿ. ಅದೇ ಬೋರ್ಡಿನ ಕೆಳಗಿನ ಸಾಲು ನೋಡಿ. ವಿಳಾಸದ ಕೊನೆಗೆ ಪಿನ್ ಕೋಡ್ ಇದೆ. ಮೊದಲ ಮೂರು ಅಂಕಿ 583, ಅದು ಚೆನ್ನಾಗಿ ಓದಲು ಬರುತ್ತದೆ. ರಾಯಚೂರು, ಮಸ್ಕಿ ಎರಡೂ 584ರಲ್ಲಿ ಬರುತ್ತವೆ. ಬಳ್ಳಾರಿ, ಹೊಸಪೇಟೆ, ಕೊಪ್ಪಳ, ಗಂಗಾವತಿ 583ರಲ್ಲಿ. ಒಂದೇ ಬೋರ್ಡಿನಲ್ಲಿ ಪಿನ್ 583 ಇದ್ದು ಫೋನ್ 08532 ಇರುವುದು ಕಷ್ಟ. ಹಾಗಾಗಿ 08392 ಅಂತ ಓದುವುದೇ ಹೊಂದುತ್ತದೆ.

ಅದರ ಮೇಲೆ ಜಿಎಸ್‌ಟಿ ನಂಬರ್ 29ರಿಂದ ಶುರುವಾಗಿದೆ. 29 ಅಂದರೆ ಕರ್ನಾಟಕ. ತೆಲಂಗಾಣಕ್ಕೆ 36, ಆಂಧ್ರಕ್ಕೆ 37. ಎಡಗಡೆ ಅಂಗಡಿ ಒಂದರಲ್ಲಿ ತೆಲುಗು ಬೋರ್ಡ್ ಇದೆ ಅಂತ ಯಾರಾದರೂ ಆದೋನಿ ಅನ್ನುವ ಮೊದಲು ಇದನ್ನು ಹೇಳುತ್ತಿದ್ದೇನೆ.

ಕೌಲ್‌ಬಜಾರ್_ಕಣ್ಣು
ತೆಲುಗು ಬೋರ್ಡ್ ನಮ್ಮಲ್ಲಿ ಬೇಕಾದಷ್ಟಿವೆ. ಅರ್ಧ ಬಳ್ಳಾರಿ ಮನೆಯಲ್ಲಿ ತೆಲುಗು ಮಾತಾಡುತ್ತದೆ.

ಸಿಂಧನೂರು_ಪಿಕ್ಸೆಲ್
ಮಸುಕಾದ ಬೋರ್ಡಿನಲ್ಲಿ ಕನ್ನಡ ತೆಲುಗು ಗೊತ್ತಾಗುವುದು ಹೇಗೆ ಸರ್? ನನಗೆ ಎರಡೂ ಗುಂಡಗೇ ಕಂಡವು.

ಗೆರೆ_ಎಳೆಯುವವ
ಅಕ್ಷರ ಓದಲು ಹೋಗಬೇಡ, ತಲೆಕಟ್ಟು ನೋಡು. ಕನ್ನಡದ್ದು ಅಡ್ಡಗೆರೆ, ತುದಿಯಲ್ಲಿ ಸಣ್ಣ ಕೊಂಡಿ. ತೆಲುಗಿನದು ಮೇಷ್ಟ್ರು ಹಾಕುವ ರೈಟ್ ಮಾರ್ಕಿನ ತರಹ ಮೇಲಕ್ಕೆ ಹಾರುತ್ತದೆ. ಮಸುಕಾದರೂ ಕನ್ನಡದ ಸಾಲಿನ ನೆತ್ತಿ ಸಪಾಟಾಗಿ ಉಳಿಯುತ್ತದೆ, ತೆಲುಗಿನದು ಮುಳ್ಳು ಮುಳ್ಳಾಗಿ ಕಾಣುತ್ತದೆ.

ಮಸ್ಕಿ_ಮಲ್ಲು
ಬೀಜದ ಅಂಗಡಿ ಬೋರ್ಡ್ ಅಂದರೆ ಏನು ಮಹಾ? ಕಂಪನಿಯವರೇ ಮಾಡಿಸಿ ಕೊಡುತ್ತಾರೆ. ಬಳ್ಳಾರಿ ಡೀಲರ್ ವಿಳಾಸ ಇರುವ ಬೋರ್ಡ್ ನಮ್ಮ ಕಡೆಯೂ ನೇತಾಡುತ್ತಿರುತ್ತದೆ. ಆ ಹಸಿರು ದಾರಿ ಫಲಕ ನೋಡಿ. ಮೇಲೆ 150ಎ ಅಂತ ಇದೆ. ಆ ಹೈವೇ ಲಿಂಗಸುಗೂರು, ಮಸ್ಕಿ, ಸಿಂಧನೂರು ಮೇಲೇ ಬರುವುದು.

ಗೆರೆ_ಎಳೆಯುವವ
ಮಲ್ಲು ಎತ್ತಿದ ಮೊದಲ ಮಾತು ಗಟ್ಟಿಯಾಗಿದೆ. ಬೋರ್ಡ್ ಒಂದನ್ನೇ ನಂಬಿದರೆ ಡೀಲರಿನ ಊರು ಸಿಗುತ್ತದೆ, ಅಂಗಡಿಯ ಊರು ಸಿಗದೆ ಹೋಗಬಹುದು. ಅದಕ್ಕೇ ಅಕ್ಕಪಕ್ಕದ ಬೋರ್ಡುಗಳನ್ನೂ ಓದಬೇಕು. ಪಕ್ಕದ ಟೈರ್ ಅಂಗಡಿಯ ಗೋಡೆಯಲ್ಲೂ ಕೈಯಲ್ಲಿ ಬರೆದ ವಿಳಾಸದಲ್ಲಿ 583 ಇದೆ. ಟೈರ್ ಪಂಕ್ಚರಿಗೆ ಯಾರೂ ಬೇರೆ ಊರಿನ ವಿಳಾಸ ಬರೆಸುವುದಿಲ್ಲ.

ಹಸಿರು ಫಲಕಕ್ಕೆ ಬರೋಣ. 150ಎ ಲಿಂಗಸುಗೂರು, ಮಸ್ಕಿ, ಸಿಂಧನೂರು, ಸಿರುಗುಪ್ಪ ದಾಟಿ ಬಳ್ಳಾರಿಗೆ ಬಂದು, ಮುಂದೆ ಹಿರಿಯೂರು ಕಡೆ ಹೋಗುತ್ತದೆ. ಹಾಗಾಗಿ ಆ ನಂಬರ್ ಒಂದರಿಂದ ಮಸ್ಕಿ ಬಿದ್ದುಹೋಗುವುದಿಲ್ಲ. ರಾಯಚೂರು ಪಟ್ಟಣ ಬಿದ್ದುಹೋಗುತ್ತದೆ. ಅಲ್ಲಿಗೆ ಬರುವುದು 167, ಹಗರಿಯಿಂದ ಆದೋನಿ, ಮಂತ್ರಾಲಯ ಮೇಲೆ.

ಕೌಲ್‌ಬಜಾರ್_ಕಣ್ಣು
ಫಲಕದಲ್ಲಿ ಸಿರುಗುಪ್ಪ ಅಂತ ಮೇಲ್ಮುಖ ಬಾಣ ಇದೆ. ಅಂದರೆ ನಾನು ಮೊದಲೇ ಹೇಳಿದ ಹಾಗೆ ಸಿರುಗುಪ್ಪ ರಸ್ತೆಯೇ ಆಯಿತಲ್ಲ?

ಗೆರೆ_ಎಳೆಯುವವ
ಅಲ್ಲ. ದಾರಿ ಫಲಕ ಓದಲು ಬರುವುದು ಆ ಕಡೆಗೆ ಹೋಗುವವರಿಗೆ. ಅದರ ಮುಖ ಕ್ಯಾಮೆರಾಕ್ಕೆ ಕಂಡಿದೆ, ಅಂದರೆ ಫೋಟೋ ತೆಗೆದವರು ಸಿರುಗುಪ್ಪ ಕಡೆ ಮುಖ ಮಾಡಿದ್ದಾರೆ. ಗುಡ್ಡವೂ ಅವರ ಮುಂದೆಯೇ ಇದೆ. ಸಿರುಗುಪ್ಪ ಇರುವುದು ಬಳ್ಳಾರಿಯ ಉತ್ತರಕ್ಕೆ. ಊರು ದಾಟಿ ಸಿರುಗುಪ್ಪ ರಸ್ತೆಯಲ್ಲಿ ಹೋಗುವವನಿಗೆ ಗುಡ್ಡ ಬೆನ್ನ ಹಿಂದೆ ಇರುತ್ತದೆ. ಫಲಕವೂ ಗುಡ್ಡವೂ ಒಟ್ಟಿಗೆ ಎದುರಿಗೆ ಕಾಣಬೇಕಾದರೆ ಅವನು ಇನ್ನೂ ಗುಡ್ಡದ ಈಚೆ, ದಕ್ಷಿಣದ ಕಡೆ ಇರಬೇಕು. ನುಣುಪು ಕಲ್ಲು ಎಡಕ್ಕಿದ್ದು ಹೇಳಿದ್ದೂ ಇದನ್ನೇ.

ಒಂದು ಎಚ್ಚರಿಕೆ. ಊರೊಳಗೆ ರಸ್ತೆ ಸುತ್ತುತ್ತದೆ. ಹಾಗಾಗಿ ಫಲಕದಿಂದ ದಿಕ್ಕು ಡಿಗ್ರಿ ಲೆಕ್ಕದಲ್ಲಿ ಸಿಗುವುದಿಲ್ಲ. ಗುಡ್ಡದ ಯಾವ ಮಗ್ಗುಲು ಅನ್ನುವಷ್ಟು ಮಾತ್ರ.

ಕೌಲ್‌ಬಜಾರ್_ಕಣ್ಣು
ಒಪ್ಪಿದೆ ಸರ್. ಆದರೆ ಇನ್ನೊಂದು ಗೊಂದಲ ಇದೆ. ಗುಡ್ಡದ ಪಕ್ಕದಲ್ಲಿ ಇನ್ನೊಂದು ಗುಡ್ಡದ ನೆತ್ತಿ ಇಣುಕುತ್ತಿದೆ. ಅದು ಕುಂಬಾರ ಗುಡ್ಡ ಆಗಿದ್ದರೆ ಬಳ್ಳಾರಿ ಗುಡ್ಡಕ್ಕಿಂತ ಎತ್ತರ ಕಾಣಬೇಕಲ್ವಾ? ಕುಂಬಾರ ಗುಡ್ಡವೇ ಎತ್ತರ, ಅದನ್ನು ಗಮನಿಸದೆ ಈ ಗುಡ್ಡದ ಮೇಲೆ ಕೋಟೆ ಕಟ್ಟಿದ ಅಂತ ಹೈದರ್ ಅಲಿ ಆ ಫ್ರೆಂಚ್ ಇಂಜಿನಿಯರನ್ನು ಗಲ್ಲಿಗೆ ಹಾಕಿಸಿದ ಕಥೆ ನಮ್ಮಲ್ಲಿ ಎಲ್ಲರಿಗೂ ಗೊತ್ತು.

ಗೆರೆ_ಎಳೆಯುವವ
ಕಥೆ ಗೊತ್ತು. ಆದರೆ ಫೋಟೋದಲ್ಲಿ ಎತ್ತರ ಕಾಣುವುದು ಯಾವುದು ಹತ್ತಿರ ಇದೆಯೋ ಅದು. ಅದರಿಂದ ಗುಡ್ಡದ ಹೆಸರು ಹೇಳಲು ಹೋಗಬೇಡಿ. ಅದರ ಬದಲು ಒಂದು ಗುಡ್ಡ ಇನ್ನೊಂದನ್ನು ಎಲ್ಲಿ ಮುಚ್ಚುತ್ತದೆ ಅನ್ನುವುದನ್ನು ನೋಡಿ. ನೀವು ನಾಲ್ಕು ಹೆಜ್ಜೆ ಪಕ್ಕಕ್ಕೆ ಸರಿದರೂ ಹತ್ತಿರದ್ದು ದೂರದ್ದನ್ನು ಮುಚ್ಚುವ ಜಾಗ ಸರಿಯುತ್ತದೆ. ಜಾಗ ಹಿಡಿಯಲು ಅದೇ ಬೇಕು.

ಈ ಫೋಟೋದಲ್ಲಿ ಅಂಥ ಎರಡು ಜೋಡಿ ಸಿಕ್ಕಿವೆ. ಒಂದು, ಮೊಬೈಲ್ ಟವರಿನ ಎಡಗಾಲು ಕೋಟೆಯ ಬುರುಜಿನ ಮೂಲೆಗೆ ಸರಿಯಾಗಿ ಅಡ್ಡ ಬಂದಿದೆ. ಎರಡು, ನೀರಿನ ಟ್ಯಾಂಕಿನ ಬಲ ಅಂಚು ಬಂಡೆಗಳ ನಡುವಿನ ಸಂದಿಗೆ ಸರಿಯಾಗಿ ಕೂತಿದೆ. ಸರ್ವೆಯಲ್ಲಿ ಎರಡು ಕಂಬ ಒಂದೇ ಸಾಲಿಗೆ ಬರುವ ಹಾಗೆ ನಿಂತು ನೋಡುತ್ತಾರಲ್ಲ, ಅದೇ ಕೆಲಸ. ಬುರುಜು, ಟವರ್, ಕ್ಯಾಮೆರಾ ಮೂರೂ ಒಂದೇ ಗೆರೆಯಲ್ಲಿವೆ. ಸಂದಿ, ಟ್ಯಾಂಕ್, ಕ್ಯಾಮೆರಾ ಇನ್ನೊಂದು ಗೆರೆಯಲ್ಲಿವೆ. ಗೂಗಲ್ ಅರ್ಥ್ ಪ್ರೊ ತೆರೆದು ರೂಲರಿನಿಂದ ಬುರುಜಿನಿಂದ ಟವರಿಗೆ ಗೆರೆ ಎಳೆದು ಈಚೆಗೆ ಚಾಚಿದೆ. ಹಾಗೆಯೇ ಎರಡನೆಯದು. ಎರಡು ಗೆರೆ ಕೂಡುವ ಜಾಗದಲ್ಲಿ ಕ್ಯಾಮೆರಾ ಇರಬೇಕು.

ಸಿಂಧನೂರು_ಪಿಕ್ಸೆಲ್
ನಾನೂ ಎಳೆದೆ ಸರ್. ನನ್ನ ಗೆರೆಗಳು ಒಂದು ಮನೆಯ ಮಾಳಿಗೆ ಮೇಲೆ ಕೂಡುತ್ತಿವೆ, ರಸ್ತೆಯಲ್ಲಿ ಅಲ್ಲ.

ಗೆರೆ_ಎಳೆಯುವವ
ಟವರಿನ ತುದಿಗೆ ಗೆರೆ ಎಳೆದಿರುತ್ತೀಯ. ಉಪಗ್ರಹ ನೇರ ತಲೆಯ ಮೇಲಿಂದ ತೆಗೆದಿರುವುದಿಲ್ಲ, ಓರೆಯಾಗಿ ತೆಗೆದಿರುತ್ತದೆ. ಹಾಗಾಗಿ ಎತ್ತರದ ವಸ್ತುಗಳು ಒಂದು ಕಡೆಗೆ ವಾಲಿದಂತೆ ಕಾಣುತ್ತವೆ. ಟವರಿನ ತುದಿ ಅದರ ಬುಡದಿಂದ ಎಷ್ಟೋ ಮೀಟರ್ ಆಚೆ ಬಿದ್ದಿರುತ್ತದೆ. ಟವರಿಗೂ ಟ್ಯಾಂಕಿಗೂ ಬುಡ ಹಿಡಿದು ಗುರುತು ಹಾಕು.

ಸಿಂಧನೂರು_ಪಿಕ್ಸೆಲ್
ಈಗ ರಸ್ತೆಗೆ ಬಂತು! ಆದರೆ ನೀವು ತೋರಿಸಿದ ಜಾಗಕ್ಕೂ ನನ್ನದಕ್ಕೂ ಇನ್ನೂ ವ್ಯತ್ಯಾಸ ಇದೆ.

ಗೆರೆ_ಎಳೆಯುವವ
ಇರಲೇಬೇಕು. ಎರಡು ಗೆರೆಗಳ ನಡುವೆ ಕೋನ ತುಂಬ ಚಿಕ್ಕದು. ಮೊಬೈಲಿನ ಮಾಮೂಲಿ ಕ್ಯಾಮೆರಾ ಅಡ್ಡಕ್ಕೆ ಸುಮಾರು 65 ಡಿಗ್ರಿ ನೋಡುತ್ತದೆ. ಟವರಿಗೂ ಟ್ಯಾಂಕಿಗೂ ನಡುವಿನ ಅಂತರ ಫೋಟೋದ ಅಗಲದಲ್ಲಿ ಎಂಟನೇ ಒಂದು ಭಾಗ. ಅಂದರೆ ಎಂಟು ಡಿಗ್ರಿ ಆಸುಪಾಸು. ಅಷ್ಟು ಕಿರಿದಾಗಿ ಕೂಡುವ ಗೆರೆಗಳಲ್ಲಿ ಒಂದು ಐದು ಮೀಟರ್ ಪಕ್ಕಕ್ಕೆ ಸರಿದರೆ ಕೂಡುವ ಜಾಗ 35 ಮೀಟರ್ ಹಿಂದೆ ಮುಂದೆ ಜಾರುತ್ತದೆ. ಎಡ ಬಲ ಗಟ್ಟಿ, ಹಿಂದೆ ಮುಂದೆ ಸಡಿಲ. ಯಾವ ರಸ್ತೆ ಅನ್ನುವುದು ಸಿಕ್ಕಿದೆ. ಆ ರಸ್ತೆಯಲ್ಲಿ ಯಾವ ಅಂಗಡಿ ಎದುರು ಅನ್ನುವುದಕ್ಕೆ ಗುಡ್ಡ ಸಾಲದು, ನೆಲದ ಗುರುತು ಬೇಕು.

ನೆಲದ ಗುರುತು ಇದೆ. ಡಿವೈಡರ್ ಒಂದು ಕಡೆ ತೆರೆದಿದೆ, ಗಾಡಿ ತಿರುಗಿಸಲು ಬಿಟ್ಟ ಜಾಗ. ಅದರ ಮೂಲೆಯ ಕಲ್ಲು ಮುರಿದಿದೆ. ಅಲ್ಲಿಂದ ಮೂರನೇ ಕಂಬಕ್ಕೆ ದೀಪ ಇಲ್ಲ.

ಮಸ್ಕಿ_ಮಲ್ಲು
ಸರ್, ನಾನೂ ಅರ್ಥ್ ತೆರೆದು ನೆಲದ ಮೇಲೆ ನಿಂತ ಹಾಗೆ ಬಳ್ಳಾರಿ ಗುಡ್ಡ ನೋಡಿದೆ. ಅಲ್ಲಿ ಅದು ಮೆತ್ತಗೆ ಮಣ್ಣು ದಿಬ್ಬದ ತರಹ ಕಾಣುತ್ತದೆ. ಫೋಟೋದ ಗುಡ್ಡಕ್ಕೂ ಅದಕ್ಕೂ ಹೋಲಿಕೆಯೇ ಇಲ್ಲ. ಹಾಗಾದರೆ ಬಳ್ಳಾರಿ ಅಲ್ಲ ಅಂತ ಆಗಲಿಲ್ಲವಾ?

ಗೆರೆ_ಎಳೆಯುವವ
ಮಸ್ಕಿ ಗುಡ್ಡವನ್ನೂ ಅಲ್ಲೇ ನೋಡಪ್ಪ, ಅದೂ ದಿಬ್ಬದ ತರಹವೇ ಕಾಣುತ್ತದೆ. ನಮ್ಮ ಕಡೆಯ ಗುಡ್ಡಗಳ ಎತ್ತರದ ಲೆಕ್ಕ ಅದರಲ್ಲಿ ತುಂಬ ಒರಟು. ಎಲ್ಲರಿಗೂ ಸಿಗುವ ಎತ್ತರದ ದತ್ತಾಂಶ 30 ಮೀಟರಿಗೆ ಒಂದು ಚೌಕದ ಲೆಕ್ಕದಲ್ಲಿದೆ. ಮನೆಯಷ್ಟು ದೊಡ್ಡ ಬಂಡೆಯೂ ಆ ಚೌಕದೊಳಗೆ ಸವೆದು ಹೋಗುತ್ತದೆ. ಹಿಮಾಲಯದಂಥ ಕಡೆ ಶಿಖರದ ಗೆರೆ ಹೊಂದಿಸಲು ಅದು ನಡೆಯುತ್ತದೆ, ಬಂಡೆ ರಾಶಿಯ ಗುಡ್ಡಕ್ಕೆ ನಡೆಯುವುದಿಲ್ಲ. ಗುಡ್ಡದ ಗೆರೆ ಹೊಂದಲಿಲ್ಲ ಅಂತ ಊರನ್ನು ಕೈಬಿಡಬಾರದು. ಜನ ತೆಗೆದ ನಿಜ ಫೋಟೋಗಳನ್ನು ಪಕ್ಕದಲ್ಲಿಟ್ಟು ನೋಡಬೇಕು.

ಕೌಲ್‌ಬಜಾರ್_ಕಣ್ಣು
ನಾನೇ ಹೋಗಿ ನಿಂತು ನೋಡಿ ಬರಲಾ? ಹೇಗೆ ನಿಲ್ಲಬೇಕು ಹೇಳಿ.

ಗೆರೆ_ಎಳೆಯುವವ
ಹೋಗಿ, ಅದಕ್ಕಿಂತ ಒಳ್ಳೆಯದು ಏನಿದೆ. ಜೂಮ್ ಮುಟ್ಟಬೇಡಿ. ಮೊದಲು ರಸ್ತೆಯ ಅಡ್ಡಕ್ಕೆ ಸರಿಯುತ್ತಾ ಟವರಿನ ಎಡಗಾಲು ಬುರುಜಿನ ಮೂಲೆಗೆ ಬರುವ ಹಾಗೆ ನಿಲ್ಲಿ. ಆಮೇಲೆ ಆ ಜೋಡಿ ಬಿಡದೆ ಹಿಂದೆ ಮುಂದೆ ನಡೆಯಿರಿ. ಟ್ಯಾಂಕಿನ ಅಂಚು ಸಂದಿಗೆ ಬಂದ ಕಡೆ ನಿಂತು ಫೋಟೋ ತೆಗೆಯಿರಿ. ಡಿವೈಡರ್ ಪಕ್ಕ ನಿಲ್ಲಬೇಕಾಗುತ್ತದೆ, ಲಾರಿ ನೋಡಿಕೊಳ್ಳಿ.

ಕೌಲ್‌ಬಜಾರ್_ಕಣ್ಣು
ಹೋಗಿ ಬಂದೆ. ಫೋಟೋ ಹಾಕಿದ್ದೇನೆ. ಎರಡೂ ಜೋಡಿ ಕೂತವು, ಹಿಂದೆ ಇಣುಕುವ ಗುಡ್ಡದ ನೆತ್ತಿಯೂ ಅಷ್ಟೇ ಕಾಣುತ್ತದೆ. ನೀವು ನಕ್ಷೆಯಲ್ಲಿ ತೋರಿಸಿದ ಜಾಗಕ್ಕಿಂತ ಸ್ವಲ್ಪ ಮುಂದೆ, ಗುಡ್ಡದ ಕಡೆಗೆ. ಟೈರ್ ಅಂಗಡಿ ಇದೆ, ಗೋಡೆ ಬರಹವೂ ಇದೆ. ಬೀಜದ ಅಂಗಡಿ ಈಗ ಇಲ್ಲ, ಅಲ್ಲಿ ಮೊಬೈಲ್ ಅಂಗಡಿ ಬಂದಿದೆ. ಡಿವೈಡರಿನ ತೆರೆದ ಜಾಗವನ್ನು ಕಾಂಕ್ರೀಟ್ ಹಾಕಿ ಮುಚ್ಚಿದ್ದಾರೆ. ಮುಚ್ಚಿದ ಭಾಗದ ಬಣ್ಣವೂ ಮಾಸಿದೆ, ಅಂದರೆ ಮುಚ್ಚಿ ತುಂಬ ದಿನವಾಗಿದೆ.

ರಸ್ತೆ ಒಣಗಿದೆ. ಧೂಳು ಎದ್ದಿದೆ, ಎಂದಿನ ಹಾಗೆ.

ಗೆರೆ_ಎಳೆಯುವವ
ಬಿಸಿಲಣ್ಣ, ಗ್ರೂಪಿಗೆ ಹಾಕಲು ಇಷ್ಟು ಸಾಕು. ಎರಡೂ ಫೋಟೋ ಪಕ್ಕಪಕ್ಕ ಹಾಕಿ. ಟವರ್ ಮತ್ತು ಬುರುಜಿಗೆ ಒಂದು ಬಣ್ಣದ ಗುರುತು, ಟ್ಯಾಂಕ್ ಮತ್ತು ಸಂದಿಗೆ ಇನ್ನೊಂದು ಬಣ್ಣ. ಡಿವೈಡರ್ ಆಗ ತೆರೆದಿತ್ತು, ಈಗ ಮುಚ್ಚಿದೆ ಅನ್ನುವುದಕ್ಕೆ ಸುತ್ತು ಹಾಕಿ. ರಾಯಚೂರು ಅಲ್ಲ ಅನ್ನುವುದೂ, ಇಂದು ಬೆಳಗ್ಗೆ ಅಲ್ಲ ಅನ್ನುವುದೂ ಅದರಲ್ಲೇ ಬಂತು. "ಸುಳ್ಳು" ಅಂತ ದೊಡ್ಡದಾಗಿ ಬರೆಯುವುದಕ್ಕಿಂತ ಜನ ತಾವೇ ಹೊಂದಿಸಿ ನೋಡುವ ಹಾಗೆ ಇರಲಿ.

ರಾಯಚೂರು_ಬಿಸಿಲು
ಹಾಕಿದೆ ಸರ್. ಒಬ್ಬರು "ಬಳ್ಳಾರಿಯಲ್ಲಿ ಮಳೆ ಆದರೆ ನಮಗೂ ಆಗುತ್ತದಲ್ಲ" ಅಂದರು. ಅವರಿಗೆ ಏನು ಹೇಳಲಿ?

ಮಸ್ಕಿ_ಮಲ್ಲು
ನಾನು ಬಳ್ಳಾರಿ ಅಂತ ಒಪ್ಪುತ್ತೇನೆ. ಗುಡ್ಡ ಮಾತ್ರ ಮಸ್ಕಿ ತರಹವೇ ಇದೆ.

ಸಿಂಧನೂರು_ಪಿಕ್ಸೆಲ್
ಹಾಗಾದರೆ ಫೋಟೋ ಯಾವಾಗಿನದು? ಬೋರ್ಡಿನಲ್ಲಿ ಜಿಎಸ್‌ಟಿ ನಂಬರ್ ಇದೆ, ಜಿಎಸ್‌ಟಿ ಬಂದಿದ್ದು 2017ರ ಜುಲೈನಲ್ಲಿ. ಬಸ್ಸಿನ ಮೇಲೆ ಈಶಾನ್ಯ ಕರ್ನಾಟಕ ಅಂತಲೇ ಇದೆ, ಕಲ್ಯಾಣ ಕರ್ನಾಟಕ ಅಂತ ಇಲ್ಲ. ಈ ಭಾಗಕ್ಕೆ ಕಲ್ಯಾಣ ಕರ್ನಾಟಕ ಅಂತ ಹೆಸರಿಟ್ಟಿದ್ದು 2019ರಲ್ಲಿ. ಅಂದರೆ 2017ರಿಂದ 2019ರ ಒಳಗೆ, ಸರಿನಾ?

ಗೆರೆ_ಎಳೆಯುವವ
ಹಿಂದಿನ ಗಡಿ ಸರಿ. ಮುಂದಿನ ಗಡಿ ಅಷ್ಟು ಗಟ್ಟಿ ಅಲ್ಲ. ಪ್ರದೇಶದ ಹೆಸರು ಬದಲಾಗಿದ್ದು 2019ರಲ್ಲಿ, ಬಸ್ ನಿಗಮದ ಹೆಸರು ಬದಲಾಗಿದ್ದು ಅದಾದ ಮೇಲೆ. ಅದಾದ ಮೇಲೂ ಹಳೆ ಬಸ್ಸುಗಳು ಹಳೆ ಹೆಸರಿನಲ್ಲೇ ಓಡಿದವು. ಹೊಸ ಹೆಸರು ಕಂಡರೆ "ಇದಕ್ಕಿಂತ ಹಳೆಯದಲ್ಲ" ಅನ್ನಬಹುದು. ಹಳೆ ಹೆಸರು ಕಂಡರೆ "ಇದಕ್ಕಿಂತ ಹೊಸದಲ್ಲ" ಅನ್ನಲು ಬರುವುದಿಲ್ಲ. ಡಿವೈಡರ್ ಮುಚ್ಚಿದ್ದೇ ಸರಿಯಾದ ಗಡಿ. ಅರ್ಥ್ ಪ್ರೊದಲ್ಲಿ ಹಳೆ ಚಿತ್ರಗಳ ಗಡಿಯಾರದ ಗುಂಡಿ ಒತ್ತಿ ಹಿಂದೆ ಹೋಗುತ್ತಾ, ತೆರೆದಿರುವ ಕೊನೆಯ ಚಿತ್ರ ಯಾವುದು, ಮುಚ್ಚಿರುವ ಮೊದಲ ಚಿತ್ರ ಯಾವುದು ನೋಡು.

ಸಿಂಧನೂರು_ಪಿಕ್ಸೆಲ್
ನೋಡಿದೆ. ಒಂದು ಚಿತ್ರದಲ್ಲಿ ತೆರೆದಿದೆ. ಅದರ ಮುಂದಿನದರಲ್ಲಿ ಸರಿಯಾಗಿ ಆ ಜಾಗದ ಮೇಲೆ ಮರದ ನೆರಳು. ಅದರ ಮುಂದಿನದು ಮೋಡ. ಆಮೇಲೆ ಮುಚ್ಚಿದೆ. ನಡುವೆ ತುಂಬ ದೊಡ್ಡ ಅಂತರ ಉಳಿಯುತ್ತದೆ. ಕೌಲ್‌ಬಜಾರ್ ಅಣ್ಣ, ಅಲ್ಲಿ ಯಾರನ್ನಾದರೂ ಕೇಳಬಹುದಾ?

ಕೌಲ್‌ಬಜಾರ್_ಕಣ್ಣು
ಕೇಳಿದೆ. ಟೈರ್ ಅಂಗಡಿಯವನು ಕೊರೊನಾ ಮುಂಚೆಯೇ ಮುಚ್ಚಿದರು ಅಂತಾನೆ. ಎದುರಿನ ಚಹಾದವನು ಆಮೇಲೆ ಅಂತಾನೆ. ಇಬ್ಬರೂ ಈಗ ಜಗಳಕ್ಕೆ ನಿಂತಿದ್ದಾರೆ, ನಾನು ಅಲ್ಲಿಂದ ಬಂದುಬಿಟ್ಟೆ.